ಪ್ರವಾಸದ ಒಪ್ಪಿಗೆ ಪತ್ರ: ಅರ್ಧ ಹಾಳೆ ಬಿಟ್ಟು ಹೊಸದಾಗಿ ಬರೆದ ಕಥೆ

ನಮ್ಮ ಹೈಸ್ಕೂಲಿನಲ್ಲಿ ಪ್ರವಾಸದ ಒಪ್ಪಿಗೆ ಪತ್ರ ಅಂದರೆ ಅರ್ಧ ಹಾಳೆ. ಯಾವ ಕಾಲದಲ್ಲಿ ಯಾರು ಟೈಪ್ ಮಾಡಿದ್ದೋ ಗೊತ್ತಿಲ್ಲ, ಪ್ರತಿ ವರ್ಷ ದಿನಾಂಕ ಮತ್ತು ಊರಿನ ಹೆಸರು ಬದಲಾಯಿಸಿ ಜೆರಾಕ್ಸ್ ಮಾಡಿಸುತ್ತಿದ್ದರು. ಅದರಲ್ಲಿ ಇದ್ದದ್ದು ಎರಡೇ ವಾಕ್ಯ. ಒಂದು, "ನನ್ನ ಮಗ/ಮಗಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕಳುಹಿಸಲು ನನ್ನ ಒಪ್ಪಿಗೆ ಇದೆ." ಇನ್ನೊಂದು, "ಪ್ರವಾಸದ ಅವಧಿಯಲ್ಲಿ ಯಾವುದೇ ಅವಘಡ ಸಂಭವಿಸಿದಲ್ಲಿ ಶಾಲೆಯವರಾಗಲಿ ಶಿಕ್ಷಕರಾಗಲಿ ಜವಾಬ್ದಾರರಲ್ಲ." ಕೆಳಗೆ ಸಹಿ, ಒಂದು ಮೊಬೈಲ್ ನಂಬರ್. ಅಷ್ಟೆ. ಮಂಡ್ಯ ಜಿಲ್ಲೆಯ ಸುತ್ತಮುತ್ತ ಎಷ್ಟೋ ಶಾಲೆಗಳಲ್ಲಿ ಇದೇ ಕಾಗದ ಓಡಾಡುತ್ತದೆ, ಬಹುಶಃ ನಿಮ್ಮ ಶಾಲೆಯಲ್ಲೂ ಇರಬಹುದು.

ಈ ಸಲ ಪ್ರವಾಸದ ಉಸ್ತುವಾರಿ ನನ್ನ ತಲೆಗೆ ಬಂತು. ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು, ಹಂಪಿ ಬಾದಾಮಿ ಅಂದರೆ ನಂದೇ ಸಬ್ಜೆಕ್ಟ್ ಅಂತ ಎಲ್ಲರೂ ಕೈತೊಳೆದುಕೊಂಡರು. ಒಂಬತ್ತನೇ ಕ್ಲಾಸಿನ 42 ಮಕ್ಕಳು, ಅದರಲ್ಲಿ ಹುಡುಗಿಯರೇ ಜಾಸ್ತಿ, ಜೊತೆಗೆ ನಾಲ್ಕು ಜನ ಶಿಕ್ಷಕರು. ಹೊಸಪೇಟೆ, ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ವಾಪಸ್ ಬರುವಾಗ ಚಿತ್ರದುರ್ಗ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೈಸ್ಕೂಲು ಹುಡುಗಿಯರು ಮುಳುಗಿ ಹೋದರಲ್ಲ, ಆ ಸುದ್ದಿ ಓದಿದ ಯಾವ ಟೀಚರೂ ಆ ಅರ್ಧ ಹಾಳೆಯನ್ನು ಹಾಗೇ ಮಕ್ಕಳ ಕೈಗೆ ಕೊಟ್ಟು ನಿಶ್ಚಿಂತೆಯಾಗಿ ಇರಲಾರರು. ನಾನು ಹೊಸದಾಗಿ ಬರೆಯುತ್ತೇನೆ ಅಂದೆ. ಹೆಡ್‌ಮಾಸ್ಟರು "ಬರೀರಿ ಮೇಡಂ, ಆದ್ರೆ ಆ ಜವಾಬ್ದಾರರಲ್ಲ ಅನ್ನೋ ಲೈನ್ ಮಾತ್ರ ಇರ್ಲಿ, ಅದೇ ನಮ್ಮನ್ನ ಕಾಪಾಡೋದು" ಅಂದರು.

ಮೊದಲ ಜಗಳ ಅಲ್ಲೇ ಶುರುವಾಯಿತು.

ನನ್ನ ತಮ್ಮ ವಕೀಲ. ಅವನನ್ನು ಕೇಳಿದರೆ ನಕ್ಕ. ಪಂಜಾಬಿನ ಒಂದು ಶಾಲೆಯವರು 1995ರಲ್ಲಿ ಮಕ್ಕಳನ್ನು ಬಿಯಾಸ್ ನದಿ ದಡಕ್ಕೆ ಪಿಕ್ನಿಕ್ ಕರೆದುಕೊಂಡು ಹೋಗಿದ್ದರು, ಅಲ್ಲಿ 14 ಮಕ್ಕಳು ನೀರಲ್ಲಿ ಮುಳುಗಿ ಸತ್ತರು. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. 2001ರಲ್ಲಿ ಕೋರ್ಟು, ಮಕ್ಕಳು ಶಾಲೆಯ ವಶದಲ್ಲಿ ಇರುವಷ್ಟು ಹೊತ್ತು ಅವರನ್ನು ಜೋಪಾನ ಮಾಡುವ ಹೊಣೆ ಶಾಲೆಯದೇ, ಶಿಕ್ಷಕರು ಅಸಡ್ಡೆ ಮಾಡಿದರೆ ಆಡಳಿತ ಮಂಡಳಿಯೂ ಉತ್ತರ ಕೊಡಬೇಕು ಅಂತ ಹೇಳಿ, ಒಂದೊಂದು ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. "ಅಪ್ಪ ಅಮ್ಮ ಸಹಿ ಹಾಕಿದ ಮಾತ್ರಕ್ಕೆ ನಿಮ್ಮ ಅಸಡ್ಡೆ ಮಾಫಿ ಆಗಲ್ಲ ಅಕ್ಕ. ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೂ ಹೇಳಬೇಕು ಅಂದ್ರೆ, ಇವರು ಮೊದಲೇ ಕೈತೊಳೆದುಕೊಳ್ಳೋಕೆ ರೆಡಿ ಆಗಿದ್ರು ಅಂತ ಎದುರು ವಕೀಲ ಅದನ್ನೇ ಓದಿ ತೋರಿಸ್ತಾನೆ" ಅಂದ.

ಇದನ್ನು ಹೆಡ್‌ಮಾಸ್ಟರಿಗೆ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆ ಜಾಗದಲ್ಲಿ ಏನು ಬರೀತೀರಿ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಮನೆಗೆ ಹೋಗಿ ಕೂತು ಯೋಚಿಸಿದೆ. ಈ ಕಾಗದವನ್ನು ನಿಜವಾಗಿ ಯಾರು ಓದುತ್ತಾರೆ, ಯಾವಾಗ ಓದುತ್ತಾರೆ? ಅನುಮತಿಗೆ ಬಿಇಒ ಕಚೇರಿಗೆ ಕೊಡುವಾಗ ಅಲ್ಲಿ ಎಣಿಸುತ್ತಾರೆ, ಅಷ್ಟೆ. ಅದನ್ನು ಒಂದೊಂದು ಅಕ್ಷರ ಬಿಡದೆ ಓದುವ ಹೊತ್ತು ಬೇರೆ ಇದೆ. ರಾತ್ರಿ ಎರಡು ಗಂಟೆಗೆ ಮಗುವಿಗೆ ಹೊಟ್ಟೆನೋವು ಬಂದು ಯಾವುದೋ ಊರಿನ ಆಸ್ಪತ್ರೆಯಲ್ಲಿ ನಿಂತಾಗ ನಾನು ಓದುತ್ತೇನೆ. ರಾತ್ರಿ ಹತ್ತು ಗಂಟೆಗೆ ಮಗಳ ಫೋನ್ ಬರಲಿಲ್ಲ ಅಂತ ಗಾಬರಿಯಾದ ತಾಯಿ ಓದುತ್ತಾಳೆ. ಆ ಎರಡು ಹೊತ್ತಿನಲ್ಲಿ ಏನು ಬೇಕೋ ಅದನ್ನು ಬರೆದರೆ ಸಾಕು ಅಂತ ಅನ್ನಿಸಿತು.

ಅಲ್ಲಿಗೇ ಹಳೆಯ ಪತ್ರದ ದೊಡ್ಡ ಕೊರತೆ ಕಣ್ಣಿಗೆ ಬಿತ್ತು. ಪೋಷಕರು ಸಹಿ ಮಾಡಿ ವಾಪಸ್ ಕೊಟ್ಟ ಮೇಲೆ ಅವರ ಹತ್ತಿರ ಏನೂ ಉಳಿಯುತ್ತಿರಲಿಲ್ಲ! ಮಗು ಯಾವ ಲಾಡ್ಜಲ್ಲಿ ಮಲಗಿದೆ, ಯಾರಿಗೆ ಫೋನ್ ಮಾಡಬೇಕು ಅಂತ ಮನೆಯಲ್ಲಿ ಒಂದು ಚೀಟಿಯೂ ಇಲ್ಲ. ಅದಕ್ಕೇ ಎರಡು ಹಾಳೆ ಮಾಡಿದೆ. ಮೊದಲನೆಯದು ಮನೆಯಲ್ಲಿ ಉಳಿಯುವುದು, ಶಾಲೆ ಪೋಷಕರಿಗೆ ಹೇಳುವ ಮಾತು. ಎರಡನೆಯದು ತುಂಬಿ ಸಹಿ ಮಾಡಿ ವಾಪಸ್ ಕೊಡುವುದು, ಪೋಷಕರು ಶಾಲೆಗೆ ಹೇಳುವ ಮಾತು. ಮೊದಲ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ "ಇದನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಶಾಲೆಗೆ ಕಳುಹಿಸಬೇಡಿ" ಅಂತ ಹಾಕಿಸಿದೆ. ಆದರೂ ಮೂರ್ನಾಲ್ಕು ಜನ ಎರಡನ್ನೂ ಪಿನ್ ಹೊಡೆದು ವಾಪಸ್ ಕಳಿಸಿದರು, ಅದು ಬೇರೆ ವಿಷಯ.

ಬಸ್ಸಿನಿಂದ ಶುರು ಮಾಡುತ್ತೇನೆ. ನಾವು ಕೆಎಸ್ಆರ್‌ಟಿಸಿ ಬಸ್ಸನ್ನೇ ಕಾಂಟ್ರಾಕ್ಟ್ ಮೇಲೆ ತೆಗೆದುಕೊಂಡೆವು. ಡಿಪೋದವರು ಯಾವ ಬಸ್ಸು, ಯಾವ ಡ್ರೈವರ್ ಅಂತ ಕೊನೇ ಗಳಿಗೆಯಲ್ಲೇ ಹೇಳುವುದು. ಹಾಗಾಗಿ ಪತ್ರದಲ್ಲಿ ಬಸ್ ನಂಬರ್ ಹಾಕುವ ಆಸೆ ಬಿಟ್ಟು, "ಬಸ್ಸಿನ ನಂಬರ್ ಮತ್ತು ಚಾಲಕರ ಹೆಸರನ್ನು ಹೊರಡುವ ಹಿಂದಿನ ಸಂಜೆ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ, ವಾಟ್ಸಾಪ್ ಇಲ್ಲದವರಿಗೆ ಫೋನ್ ಮಾಡಿ ಹೇಳುತ್ತೇವೆ" ಅಂತ ಬರೆದೆ. ಗೊತ್ತಿಲ್ಲದ್ದನ್ನು ಖಾಲಿ ಬಿಡುವುದಕ್ಕಿಂತ ಯಾವಾಗ ಗೊತ್ತಾಗುತ್ತದೆ ಅಂತ ಬರೆಯುವುದು ಒಳ್ಳೆಯದು, ಇಲ್ಲದಿದ್ದರೆ ಖಾಲಿ ಜಾಗ ನೋಡಿ ಜನಕ್ಕೆ ಅನುಮಾನ ಬರುತ್ತದೆ.

ರಾತ್ರಿ ಪ್ರಯಾಣ ಇಲ್ಲ ಅನ್ನುವ ಮಾತು ಬರೆಯುವುದು ಸುಲಭ, ಅದರ ಲೆಕ್ಕ ಹಾಕುವುದು ಕಷ್ಟ. ನಮ್ಮೂರಿಂದ ಕುಣಿಗಲ್, ತುಮಕೂರು, ಚಿತ್ರದುರ್ಗ ದಾಟಿ ಹೊಸಪೇಟೆಗೆ ಸುಮಾರು 350 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಹೊರಟರೆ ಮಧ್ಯಾಹ್ನ ಊಟ, ತಿಂಡಿ, ಮಕ್ಕಳ ವಾಂತಿ ಎಲ್ಲಾ ಸೇರಿ ಮೂರು ನಾಲ್ಕು ಗಂಟೆಗೆ ಸೇರಬಹುದು, ಸಂಜೆ ತುಂಗಭದ್ರಾ ಡ್ಯಾಮ್ ನೋಡಬಹುದು. ಆದರೆ ಬಾದಾಮಿಯಿಂದ ಒಂದೇ ಓಟದಲ್ಲಿ ವಾಪಸ್ ಬರಲು ಆಗುವುದಿಲ್ಲ. ಬೆಳಿಗ್ಗೆ ಗುಹೆ ನೋಡಿ ಹೊರಟರೆ ಮನೆ ಸೇರುವಾಗ ಮಧ್ಯರಾತ್ರಿ ದಾಟಿರುತ್ತದೆ. ಹಿಂದೆಲ್ಲಾ ಹಾಗೇ ಬರುತ್ತಿದ್ದರು, ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಮಾಡುತ್ತಿದ್ದರು, ಡ್ರೈವರ್ ಪಕ್ಕ ಒಬ್ಬ ಮೇಷ್ಟ್ರು ಮಾತಾಡುತ್ತಾ ಕೂತಿರಬೇಕಿತ್ತು, ಅವನಿಗೆ ನಿದ್ದೆ ಬರದ ಹಾಗೆ. ಈ ಸಲ ಚಿತ್ರದುರ್ಗದಲ್ಲಿ ಒಂದು ರಾತ್ರಿ ಸೇರಿಸಿದೆವು. ಒಂದು ರಾತ್ರಿ ಅಂದರೆ ಲಾಡ್ಜ್ ಖರ್ಚು, ಊಟದ ಖರ್ಚು, ಬಸ್ಸಿನ ಇನ್ನೊಂದು ದಿನದ ಬಾಡಿಗೆ. ದುಡ್ಡು ಯಾಕೆ ಜಾಸ್ತಿ ಅಂತ ಕೇಳೇ ಕೇಳುತ್ತಾರೆ ಅಂತ ಗೊತ್ತಿತ್ತು. ಅದಕ್ಕೆ ಪತ್ರದಲ್ಲೇ ಬರೆದೆ: "ರಾತ್ರಿ ಒಂಬತ್ತರ ನಂತರ ಬಸ್ ಓಡಿಸುವುದಿಲ್ಲ. ಬಾದಾಮಿಯಿಂದ ನೇರವಾಗಿ ಬಂದರೆ ಮಧ್ಯರಾತ್ರಿ ದಾಟುವವರೆಗೂ ಪ್ರಯಾಣ ಮಾಡಬೇಕಾಗುವುದರಿಂದ ಚಿತ್ರದುರ್ಗದಲ್ಲಿ ಒಂದು ರಾತ್ರಿ ತಂಗುತ್ತೇವೆ. ಹೆಚ್ಚಿನ ಖರ್ಚು ಇದಕ್ಕೆ."

ಪೋಷಕರ ಸಭೆಯಲ್ಲಿ ಆ ಬಗ್ಗೆ ಒಬ್ಬರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ನಾನು ಕನಸಲ್ಲೂ ನೆನೆಸದ ಕಡೆಯಿಂದ. ಒಬ್ಬ ತಂದೆ ಎದ್ದು ನಿಂತು, "ಮೇಡಂ, ಹೆಣ್ಮಕ್ಳಿಗೆ ಬಸ್ ಫ್ರೀ ಅಲ್ವಾ? ಗೌರ್ಮೆಂಟ್ ಬಸ್ ಅಂತೀರಿ, ನನ್ ಮಗಳಿಗ್ಯಾಕೆ ಬಸ್ ಚಾರ್ಜು?" ಅಂದರು. ಹಿಂದೆ ಕೂತ ಹೆಂಗಸರೆಲ್ಲಾ ಹೌದಲ್ವಾ ಅಂತ ತಲೆ ಆಡಿಸಿದರು. ಶಕ್ತಿ ಯೋಜನೆ ದಿನಾ ಓಡಾಡುವ ಸಾಮಾನ್ಯ ಸಾರಿಗೆ ಬಸ್ಸಿಗೆ ಇರುವುದು, ಇಡೀ ಬಸ್ಸನ್ನು ಬಾಡಿಗೆಗೆ ತೆಗೆದುಕೊಂಡಾಗ ಅದು ಅನ್ವಯಿಸುವುದಿಲ್ಲ ಅಂತ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ನೀವು ಪತ್ರ ಬರೆಯುವುದಾದರೆ ಈ ಒಂದು ಸಾಲನ್ನು ಮೊದಲೇ ಸೇರಿಸಿಬಿಡಿ.

ಇನ್ನು ಲಾಡ್ಜ್. ಹಳೆಯ ಕಾಗದದಲ್ಲಿ "ವಸತಿ ವ್ಯವಸ್ಥೆ ಇರುತ್ತದೆ" ಅಂತಲೂ ಇರಲಿಲ್ಲ. ನಾನು ಮೂರು ಊರಿನ ಲಾಡ್ಜುಗಳ ಹೆಸರು, ಯಾವ ರಸ್ತೆ, ರಿಸೆಪ್ಷನ್ ಫೋನ್ ನಂಬರ್ ಹಾಕಿದೆ. ನಂಬರ್ ಹಾಕುವ ಮುಂಚೆ ರಾತ್ರಿ ಹನ್ನೊಂದರ ಮೇಲೆ ಆ ನಂಬರುಗಳಿಗೆ ಫೋನ್ ಮಾಡಿ ನೋಡಿದೆ, ಯಾಕೆಂದರೆ ಹಗಲು ಎತ್ತುವ ನಂಬರ್ ರಾತ್ರಿ ಎತ್ತುತ್ತಾರೆ ಅಂತ ಏನೂ ಇಲ್ಲ. ಒಂದು ಕಡೆ ಯಾರೂ ಎತ್ತಲಿಲ್ಲ. ಮಾರನೇ ದಿನ ಮ್ಯಾನೇಜರ್ ಹತ್ತಿರ ರಾತ್ರಿ ಪಾಳಿಯವರ ಮೊಬೈಲ್ ನಂಬರ್ ತೆಗೆದುಕೊಂಡು ಅದನ್ನು ಹಾಕಿದೆ.

ಒಂದು ರೂಮಿಗೆ ನಾಲ್ಕು ಮಕ್ಕಳು, ಹುಡುಗಿಯರು ಒಂದು ಫ್ಲೋರ್, ಹುಡುಗರು ಇನ್ನೊಂದು ಫ್ಲೋರ್, ಹುಡುಗಿಯರ ಫ್ಲೋರಿನಲ್ಲಿ ಮೆಟ್ಟಿಲಿನ ಪಕ್ಕದ ರೂಮಲ್ಲಿ ಇಬ್ಬರು ಮೇಡಂ. ಇದಿಷ್ಟು ಪತ್ರದಲ್ಲಿ ಬಂತು. ಟೆರೇಸಿನ ಬಾಗಿಲು ರಾತ್ರಿ ಬೀಗ ಹಾಕಿರಬೇಕು ಅಂತ ಲಾಡ್ಜಿನವರಿಗೆ ಹೇಳಿದ್ದನ್ನೂ ಬರೆದೆ. ಸಭೆಯಲ್ಲಿ ತಾಯಂದಿರು ಇದನ್ನು ಬೆರಳಿಟ್ಟು ಓದುತ್ತಿದ್ದದ್ದನ್ನು ನೋಡಿದೆ. ಹಂಪಿ, ಬಾದಾಮಿಯಲ್ಲಿ ಏನೇನಿದೆ ಅಂತ ಬರೆದದ್ದನ್ನು ಯಾರೂ ಓದಲಿಲ್ಲ, ನನ್ನ ಸಬ್ಜೆಕ್ಟಿಗೆ ಅಷ್ಟೇ ಬೆಲೆ!

ಲಾಡ್ಜ್ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ, ಅನುಭವ ಇದ್ದವರಿಗೆ ಮಾತ್ರ ಹೊಳೆಯುವಂಥದ್ದು. ನಮ್ಮ ಪಿಟಿ ಮೇಷ್ಟ್ರು ಹೇಳಿದರು: "ಮೇಡಂ, ಹೋದ ಊರಲ್ಲೆಲ್ಲಾ ಯಾರಾದ್ರೂ ಒಬ್ಬರ ಚಿಕ್ಕಪ್ಪ ಇದ್ದೇ ಇರ್ತಾರೆ. ಸಂಜೆ ಲಾಡ್ಜ್ ಹತ್ರ ಬಂದು, ಮಗೂನ ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿ ಕಳಿಸ್ತೀನಿ ಅಂತಾರೆ. ಇಲ್ಲ ಅಂದ್ರೆ ಜಗಳ." ನಿಜ. ಬಂದವರು ಚಿಕ್ಕಪ್ಪನೋ ಅಲ್ಲವೋ ಅಂತ ನಮಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಹೀಗೆ ಬರೆದೆ: "ನೆಂಟರು ಮಗುವನ್ನು ನೋಡಲು ಬರುವುದಿದ್ದರೆ ಅವರ ಹೆಸರು ಮತ್ತು ಫೋನ್ ನಂಬರನ್ನು ಎರಡನೇ ಹಾಳೆಯಲ್ಲಿ ಬರೆಯಿರಿ. ಹೆಸರು ಇದ್ದವರು ಲಾಡ್ಜಿನ ರಿಸೆಪ್ಷನ್‌ನಲ್ಲಿ ಶಿಕ್ಷಕರ ಎದುರು ಮಾತಾಡಿಸಬಹುದು. ಯಾರೇ ಆದರೂ ಮಗುವನ್ನು ಹೊರಗೆ ಕಳುಹಿಸುವುದಿಲ್ಲ." ಹೊಸಪೇಟೆಯಲ್ಲಿ ಒಬ್ಬ ಹುಡುಗನ ಸೋದರಮಾವ ಬಂದೇ ಬಂದರು. ಹೆಸರು ಹಾಳೆಯಲ್ಲಿತ್ತು. ಕೆಳಗೆ ಕೂತು ಮಾತಾಡಿ, ಎಲ್ಲರಿಗೂ ಮಿರ್ಚಿ ತಂದುಕೊಟ್ಟು ಹೋದರು. ನಿಯಮ ಮೊದಲೇ ಕಾಗದದಲ್ಲಿ ಇದ್ದದ್ದಕ್ಕೆ ಅವರಿಗೂ ಬೇಜಾರಾಗಲಿಲ್ಲ.

ನೀರಿನ ವಿಷಯ ಒಂದೇ ವಾಕ್ಯ. "ನದಿ, ಕೆರೆ, ಡ್ಯಾಮ್ ಎಲ್ಲಿಯೂ ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ, ಹರಿಗೋಲು ಹತ್ತಿಸುವುದಿಲ್ಲ." ಹಂಪಿಯಲ್ಲಿ ಮಕ್ಕಳು ಹರಿಗೋಲು ನೋಡಿ ಗೋಗರೆದರು. ಪೋಷಕರಿಗೆ ಬರೆದುಕೊಟ್ಟಿದ್ದೇವೆ ಕಣ್ರೋ, ಆಗಲ್ಲ ಅಂದೆ. ನನಗೂ ಒಂದು ಹಿಡಿತ ಸಿಕ್ಕಂತಾಯಿತು, ಯಾಕೆಂದರೆ ಜೊತೆಯಲ್ಲಿದ್ದ ಮೇಷ್ಟ್ರೊಬ್ಬರು ಮಕ್ಕಳ ಪರ ವಾದ ಶುರು ಮಾಡಿದ್ದರು.

ಎರಡನೇ ಹಾಳೆಗೆ ಬರೋಣ. ಜಾಸ್ತಿ ತಲೆ ಓಡಿಸಿದ್ದು ಇದಕ್ಕೇ.

ತುರ್ತು ಸಂಪರ್ಕ ಅಂತ ಒಂದು ಗೆರೆ ಎಳೆದುಬಿಟ್ಟರೆ ಎಲ್ಲರೂ ಅಪ್ಪನ ನಂಬರ್ ಬರೆಯುತ್ತಾರೆ. ಅಪ್ಪ ಗದ್ದೆಗೆ ಹೋಗಿರುತ್ತಾನೆ, ಫೋನ್ ಮನೆಯಲ್ಲಿ ಚಾರ್ಜಿಗೆ ಹಾಕಿರುತ್ತದೆ. ಇಲ್ಲವೇ ರೀಚಾರ್ಜ್ ಮುಗಿದು ನಂಬರ್ ಬದಲಾಗಿರುತ್ತದೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವವಳಾದರೆ ಕೆಲಸದ ಹೊತ್ತಲ್ಲಿ ಫೋನ್ ಕೈಯಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಮದ್ದೂರು ಕಡೆಯ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ತುಂಬಾ ಜನ. ಹಾಗಾಗಿ ಮೂರು ನಂಬರ್ ಕೇಳಿದೆ, ಪ್ರತಿ ನಂಬರಿನ ಮುಂದೆ "ಯಾವ ಹೊತ್ತಿನಲ್ಲಿ ಫೋನ್ ಎತ್ತುತ್ತಾರೆ" ಅಂತ ಒಂದು ಕಾಲಂ. ಮೂರನೆಯದು ಅಪ್ಪ ಅಮ್ಮ ಇಬ್ಬರೂ ಅಲ್ಲದ, ಬೇರೆ ಮನೆಯಲ್ಲಿ ಇರುವವರದ್ದು ಆಗಿರಬೇಕು. ಪಕ್ಕದ ಮನೆಯವರು, ಅಂಗಡಿಯವರು, ದೊಡ್ಡಮ್ಮ, ಯಾರಾದರೂ ಸರಿ. ಕಾರ್ಖಾನೆಗೆ ಹೋಗುವವರಿಗೆ ಅಲ್ಲಿನ ಆಫೀಸ್ ಅಥವಾ ಸೂಪರ್‌ವೈಸರ್ ನಂಬರ್ ಹಾಕಲು ಇನ್ನೊಂದು ಗೆರೆ.

ಹಾಳೆಗಳು ಬಂದ ಮೇಲೆ ಎಲ್ಲಾ ನಂಬರುಗಳಿಗೂ ಫೋನ್ ಮಾಡಿದೆವು, ನಾಲ್ಕು ಜನ ಹಂಚಿಕೊಂಡು. ಬೇಜಾರಿನ ಕೆಲಸ, ಆದರೆ ಮಾಡಿದ್ದಕ್ಕೆ ಸಾರ್ಥಕವಾಯಿತು. ಸ್ವಿಚ್ ಆಫ್ ಆದವು, ಒಂದು ಅಂಕಿ ಬಿಟ್ಟುಹೋದವು, ಒಂದು ನಂಬರಂತೂ ಹುಡುಗನದೇ! ಅಪ್ಪನ ಹೆಸರಿನ ಮುಂದೆ ತನ್ನ ನಂಬರ್ ಬರೆದಿದ್ದ, ಸಹಿಯೂ ಅವನದೇ. ದಾಖಲಾತಿ ಅರ್ಜಿಯಲ್ಲಿದ್ದ ಅಪ್ಪನ ಸಹಿ ತೆಗೆದು ನೋಡಿದರೆ ಅಪ್ಪ ಹಾಕುವುದು ಕನ್ನಡದಲ್ಲಿ, ಇವನು ಹಾಕಿದ್ದು ಇಂಗ್ಲಿಷಿನಲ್ಲಿ ಸುರುಳಿ ಸುರುಳಿಯಾಗಿ. ಎಲ್ಲಾ ಸಹಿಗಳನ್ನೂ ಹೀಗೆ ಒಂದು ಸಲ ಹೋಲಿಸಿ ನೋಡುವುದು ಒಳ್ಳೆಯದು. ಸಹಿ ಬಾರದೆ ಹೆಬ್ಬೆಟ್ಟು ಒತ್ತಿದವರಿಗೆ ಪತ್ರವನ್ನು ಪೂರ್ತಿ ಓದಿ ಹೇಳಿ, "ಓದಿ ತಿಳಿಸಿದ್ದೇನೆ" ಅಂತ ಓದಿದವರ ಹೆಸರು, ಸಹಿ ಕೆಳಗೆ ಹಾಕಿಸಿದೆವು. ಕೆಲವು ಮಕ್ಕಳು ಅಜ್ಜಿ ಮನೆಯಲ್ಲಿ ಬೆಳೆಯುತ್ತಿದ್ದಾರೆ, ಅಪ್ಪ ಅಮ್ಮ ಬೆಂಗಳೂರಲ್ಲಿ ದುಡಿಯುತ್ತಾರೆ. ಅಲ್ಲಿ ಅಜ್ಜಿಯ ಹೆಬ್ಬೆಟ್ಟಿನ ಜೊತೆಗೆ ಅಪ್ಪ ಅಥವಾ ಅಮ್ಮನ ಸಹಿಯೂ ಬೇಕು ಅಂತ ಹಟ ಹಿಡಿದೆ. ಅಜ್ಜಿ ಸಾಕುತ್ತಾಳೆ ನಿಜ, ಆದರೆ ಆಸ್ಪತ್ರೆಯಲ್ಲಿ ಕೇಳುವುದು ಅಪ್ಪ ಅಮ್ಮನನ್ನೇ.

ಕಾಯಿಲೆಯ ಕಾಲಂ ಕಥೆ ಬೇರೆ. ಮೊದಲ ಕರಡಿನಲ್ಲಿ "ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ?" ಅಂತ ಇತ್ತು. ಅದನ್ನು ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. "ಎಲ್ಲರೂ ಇಲ್ಲ ಅಂತಲೇ ಬರೀತಾರೆ ನೋಡಿ. ಇದೆ ಅಂದ್ರೆ ಕರ್ಕೊಂಡು ಹೋಗಲ್ಲ ಅನ್ನೋ ಭಯ" ಅಂದರು. ಅವರ ಮಾತು ಸರಿ. ಪ್ರಶ್ನೆಯ ಮೇಲೆ ಒಂದು ಮಾತು ಸೇರಿಸಿದೆ: "ಕಾಯಿಲೆ ಇದೆ ಅನ್ನುವ ಕಾರಣಕ್ಕೆ ಯಾವ ಮಗುವನ್ನೂ ಬಿಟ್ಟು ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಲು ಮತ್ತು ವೈದ್ಯರಿಗೆ ಹೇಳಲು ಮಾತ್ರ ಕೇಳುತ್ತಿದ್ದೇವೆ. ಬರೆಯಲು ಇಷ್ಟವಿಲ್ಲದಿದ್ದರೆ ಶಾಲೆಗೆ ಬಂದು ಬಾಯಲ್ಲಿ ಹೇಳಿ." ಕಾಯಿಲೆ ಅನ್ನುವ ದೊಡ್ಡ ಮಾತು ಬಿಟ್ಟು ಬಿಡಿಬಿಡಿಯಾಗಿ ಕೇಳಿದೆ. ಉಬ್ಬಸ ಇದೆಯಾ? ಫಿಟ್ಸ್ ಯಾವತ್ತಾದರೂ ಬಂದಿದೆಯಾ? ಯಾವುದಾದರೂ ಮಾತ್ರೆ, ಇಂಜೆಕ್ಷನ್, ತಿಂಡಿ ಒಗ್ಗುವುದಿಲ್ಲವಾ? ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದು? ಬಸ್ಸಲ್ಲಿ ವಾಂತಿ ಆಗುತ್ತದಾ?

ಒಬ್ಬ ಹುಡುಗನ ಹಾಳೆಯಲ್ಲಿ ಎಲ್ಲಕ್ಕೂ ಇಲ್ಲ ಅಂತ ಅಪ್ಪ ಬರೆದಿದ್ದರು. ಮಾರನೇ ದಿನ ಸಂಜೆ ಅವನ ಅಮ್ಮ ಒಬ್ಬರೇ ಬಂದು, ಸ್ಟಾಫ್ ರೂಮಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು, "ಚಿಕ್ಕವನಿದ್ದಾಗಿಂದ ಫಿಟ್ಸ್ ಐತೆ ಮೇಡಂ, ಮಾತ್ರೆ ನುಂಗ್ತಾನೆ, ಎರಡು ವರ್ಷದಿಂದ ಬಂದಿಲ್ಲ. ಫ್ರೆಂಡ್ಸಿಗೆ ಗೊತ್ತಾಗ್ಬಾರ್ದು ಅಂತ ಅವರಪ್ಪ ಬರೀಲಿಲ್ಲ" ಅಂದರು. ಮಾತ್ರೆಯ ಪಟ್ಟಿ, ವೈದ್ಯರ ಚೀಟಿಯ ಜೆರಾಕ್ಸ್ ಕವರಿನಲ್ಲಿ ಹಾಕಿಸಿಕೊಂಡೆ. ದಿನಾ ರಾತ್ರಿ ಊಟ ಆದ ಮೇಲೆ ಪಿಟಿ ಮೇಷ್ಟ್ರು ಅವನನ್ನು ನೀರು ಬಾಟಲ್ ತರಲು ಅಂತ ಕರೆದು ಮಾತ್ರೆ ನುಂಗಿಸುತ್ತಿದ್ದರು, ಯಾರಿಗೂ ಗೊತ್ತಾಗಲಿಲ್ಲ. ಇಂಥ ಹುಡುಗನಿಗೆ ನಿದ್ದೆಗೆಟ್ಟರೆ, ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಫಿಟ್ಸ್ ಮರುಕಳಿಸುವ ಸಾಧ್ಯತೆ ಇರುತ್ತದೆ. ರಾತ್ರಿ ಪ್ರಯಾಣ ಬೇಡ ಅಂದದ್ದು ಅವನ ಮಟ್ಟಿಗಂತೂ ಔಷಧಿಯಷ್ಟೇ ಮುಖ್ಯವಾಗಿತ್ತು.

ಕೊನೆಗೆ ಚಿಕಿತ್ಸೆಯ ಒಪ್ಪಿಗೆ. "ಜವಾಬ್ದಾರರಲ್ಲ" ಇದ್ದ ಜಾಗಕ್ಕೆ ಬಂದದ್ದು ಇದು: "ನನ್ನ ಮಗನಿಗೆ/ಮಗಳಿಗೆ ಪ್ರವಾಸದಲ್ಲಿ ಪೆಟ್ಟಾದರೆ ಅಥವಾ ಹುಷಾರು ತಪ್ಪಿದರೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಪ್ರಥಮ ಚಿಕಿತ್ಸೆ, ಇಂಜೆಕ್ಷನ್, ಹೊಲಿಗೆ, ಎಕ್ಸ್‌ರೇ ಮಾಡಿಸಲು ಪ್ರವಾಸದ ಉಸ್ತುವಾರಿ ಶಿಕ್ಷಕರಾದ ______ ಇವರಿಗೆ ಒಪ್ಪಿಗೆ ಕೊಟ್ಟಿದ್ದೇನೆ. ನನಗೆ ಕೂಡಲೇ ಫೋನ್ ಮಾಡಬೇಕು. ಆಪರೇಷನ್ ಬೇಕಾದರೆ ನನ್ನನ್ನು ಕೇಳಿಯೇ ಮಾಡಿಸಬೇಕು. ನಾನು ಸಿಗದಿದ್ದರೆ ಮತ್ತು ಜೀವಕ್ಕೆ ಅಪಾಯವಿದೆ ಎಂದು ವೈದ್ಯರು ಹೇಳಿದರೆ ಅವರ ತೀರ್ಮಾನಕ್ಕೆ ಒಪ್ಪುತ್ತೇನೆ." ಖಾಲಿ ಜಾಗದಲ್ಲಿ ನನ್ನ ಹೆಸರು, ನನಗೇ ಏನಾದರೂ ಆದರೆ ಅಂತ ಇನ್ನೊಬ್ಬರ ಹೆಸರು. ಜೀವಕ್ಕೆ ಕುತ್ತು ಬಂದಾಗ ಕಾಗದ ಪತ್ರಕ್ಕೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕು ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದಕ್ಕೆ ನಮ್ಮ ಪತ್ರ ಬೇಕಿಲ್ಲ. ಪತ್ರ ಬೇಕಾಗುವುದು ಚಿಕ್ಕಪುಟ್ಟದಕ್ಕೆ. ಅಲ್ಲಿ "ನೀವು ಮಗುವಿಗೆ ಏನಾಗಬೇಕು?" ಅಂತ ಕೇಳಿಯೇ ಕೇಳುತ್ತಾರೆ.

ಕೇಳಿದರು ಕೂಡ. ಬಾದಾಮಿಯಲ್ಲಿ.

ಮೇಣಬಸದಿ ಗುಹೆಗಳ ಮೆಟ್ಟಿಲ ಹತ್ತಿರ ಕೋತಿಗಳು ಎಷ್ಟಿವೆ ಅಂತ ಹೋದವರಿಗೆ ಗೊತ್ತು. ಒಬ್ಬಳ ಕೈಯಲ್ಲಿ ಬಿಸ್ಕತ್ ಪ್ಯಾಕೆಟ್ ಇತ್ತು. ಕೋತಿ ಕಿತ್ತುಕೊಳ್ಳುವಾಗ ಮುಂಗೈ ಮೇಲೆ ಉದ್ದಕ್ಕೆ ಗೀರಿ ರಕ್ತ ಬಂತು. ಅವಳು ಅಳುವುದಕ್ಕಿಂತ ಜಾಸ್ತಿ, ಮನೆಗೆ ಹೇಳಬೇಡಿ ಮೇಡಂ ಅಂತ ಗೋಗರೆಯುತ್ತಿದ್ದಳು. ನಲ್ಲಿ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದೆವು, ಅದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಇಬ್ಬರು ಮೇಷ್ಟ್ರು ಉಳಿದ ಮಕ್ಕಳ ಜೊತೆ ಉಳಿದರು, ನಾನು ಮತ್ತು ಇನ್ನೊಬ್ಬ ಮೇಡಂ ಅವಳನ್ನು ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ನೋಡಿ, ರಕ್ತ ಬಂದಿದೆ, ಹಾಗಾಗಿ ರೇಬೀಸ್ ಲಸಿಕೆ ಸಾಲದು, ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಕೂಡ ಕೊಡಬೇಕು ಅಂದರು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಹಿಂದೆ ನಾಯಿ ಕಚ್ಚಿ ಲಸಿಕೆ ಆಗಿದೆಯಾ? ಔಷಧಿ ಅಲರ್ಜಿ ಇದೆಯಾ? ತೂಕ ಎಷ್ಟು? ಅಪ್ಪ ಅಮ್ಮ ಎಲ್ಲಿ? ಹಾಳೆ ಮುಂದಿಟ್ಟೆ. ಅಲರ್ಜಿ ಇಲ್ಲ ಅಂತ ಇತ್ತು, ಇಂಜೆಕ್ಷನ್ ಒಪ್ಪಿಗೆ ಇತ್ತು, ನನ್ನ ಹೆಸರಿತ್ತು. ಹಿಂದಿನ ಲಸಿಕೆ ಮತ್ತು ತೂಕ ನಾನು ಕೇಳಿರಲಿಲ್ಲ. ತೂಕ ಅಲ್ಲೇ ಹಾಕಿ ನೋಡಿದರು.

ಲಸಿಕೆಯ ಬಗ್ಗೆ ಮನೆಯವರನ್ನೇ ಕೇಳಬೇಕಿತ್ತು, ವಿಷಯವನ್ನೂ ಹೇಳಬೇಕಿತ್ತು. ಅಪ್ಪನ ಫೋನ್ ರಿಂಗಾಯಿತು, ಎತ್ತಲಿಲ್ಲ. ಅಮ್ಮನ ನಂಬರಿನ ಮುಂದೆ "ಸಂಜೆ ಆರರ ಮೇಲೆ" ಅಂತ ಬರೆದಿತ್ತು, ಆಗ ಬೆಳಿಗ್ಗೆ ಹತ್ತೂವರೆ. ಆ ಕಾಲಂ ಇದ್ದದ್ದಕ್ಕೆ ಅಮ್ಮನಿಗೆ ಸುಮ್ನೆ ಹತ್ತು ಸಲ ಫೋನ್ ಮಾಡುತ್ತಾ ಕೂರಲಿಲ್ಲ, ನೇರವಾಗಿ ಸೂಪರ್‌ವೈಸರ್ ನಂಬರಿಗೆ ಮಾಡಿದೆ. ಆ ಹೆಣ್ಣುಮಗಳು ಲೈನಿನಿಂದ ಅಮ್ಮನನ್ನು ಕರೆಸಿ ಫೋನ್ ಕೊಟ್ಟಳು. ಅಮ್ಮ ಗಾಬರಿಯಾದರು, ಮಗಳ ಹತ್ತಿರ ಮಾತಾಡಿಸಿದ ಮೇಲೆ ಸಮಾಧಾನ ಆದರು. ಹಿಂದೆ ಯಾವತ್ತೂ ಆ ಲಸಿಕೆ ಆಗಿಲ್ಲ ಅಂದರು. "ಕೊಡ್ಸಿ ಮೇಡಂ, ನೀವ್ ನೋಡ್ಕಳಿ" ಅಂದರು. ಹನ್ನೆರಡರ ಒಳಗೆ ಎಲ್ಲಾ ಮುಗಿಯಿತು, ಚಿತ್ರದುರ್ಗಕ್ಕೆ ಹೊರಡುವುದು ತಡವಾಯಿತು, ಆದರೆ ಒಂಬತ್ತರ ಒಳಗೇ ಸೇರಿದೆವು.

ಮುಂದಿನ ಡೋಸುಗಳು ಮೂರನೇ ದಿನ, ಏಳನೇ ದಿನ, ಹೀಗೆ ಮುಂದುವರಿಯುತ್ತವೆ. ಮೂರನೇ ದಿನ ಅಂದರೆ ನಾವು ಊರಿಗೆ ಬಂದ ಮೇಲೆ. ಬಾದಾಮಿಯ ಆಸ್ಪತ್ರೆಯ ಚೀಟಿಯನ್ನು ಜೆರಾಕ್ಸ್ ಮಾಡಿಸಿ, ಮೂಲವನ್ನು ಬಸ್ಸಿಳಿದ ಕೂಡಲೇ ಅಪ್ಪನ ಕೈಗೆ ಕೊಟ್ಟು, ಯಾವ ತಾರೀಖಿಗೆ ಹೋಗಬೇಕು ಅಂತ ಅದರ ಮೇಲೇ ಬರೆದೆ. ಗೀರು ಒಣಗಿದ ಮೇಲೆ ಲಸಿಕೆ ಯಾಕೆ ಅಂತ ಬಿಟ್ಟುಬಿಡುವವರೇ ಜಾಸ್ತಿ, ಅದಕ್ಕೆ ಮೂರನೇ ದಿನ ಕ್ಲಾಸಿನಲ್ಲೇ ಅವಳನ್ನು ಕೇಳಿದೆ. ಬೆಳಿಗ್ಗೆಯೇ ಹಾಕಿಸಿಕೊಂಡು ಬಂದಿದ್ದಳು.

ತುಂಬಿದ ಹಾಳೆಗಳ ಮೂರು ಸೆಟ್ ಮಾಡಿದ್ದೆವು. ಒಂದು ನನ್ನ ಬ್ಯಾಗಲ್ಲಿ, ಒಂದು ಇನ್ನೊಬ್ಬ ಮೇಡಂ ಹತ್ತಿರ, ಒಂದು ಹೆಡ್‌ಮಾಸ್ಟರ ಬೀರುವಿನಲ್ಲಿ. ಆಧಾರ್ ಜೆರಾಕ್ಸ್ ನಾವು ಕೇಳಲಿಲ್ಲ, ಲಾಡ್ಜಿನವರಿಗೆ ಲೆಟರ್‌ಹೆಡ್ ಮೇಲೆ ಸೀಲು ಹಾಕಿದ ಪಟ್ಟಿ ಮತ್ತು ನಮ್ಮ ನಾಲ್ವರ ಗುರುತಿನ ಚೀಟಿ ಸಾಕಾಯಿತು. ಪ್ರವಾಸ ಮುಗಿದ ಮೇಲೆ ಬ್ಯಾಗಲ್ಲಿದ್ದ ಎರಡು ಸೆಟ್ ಹರಿದು ಹಾಕಿದೆವು, ಫಿಟ್ಸ್ ಹುಡುಗನ ಕವರ್ ಅವನ ಅಮ್ಮನಿಗೆ ವಾಪಸ್ ಕೊಟ್ಟೆ. ಮುಂದಿನ ವರ್ಷದ ಕರಡಿನಲ್ಲಿ ಹಿಂದೆ ರೇಬೀಸ್ ಲಸಿಕೆ ಆಗಿದೆಯಾ ಅನ್ನುವ ಪ್ರಶ್ನೆ, ತೂಕದ ಕಾಲಂ ಸೇರಿಸಿದ್ದೇನೆ. ಹೆಡ್‌ಮಾಸ್ಟರು ಓದಿ, "ಗುಹೆ ಹತ್ತಿರ ಯಾರೂ ಕೈಯಲ್ಲಿ ತಿಂಡಿ ಹಿಡ್ಕೋಬಾರದು ಅಂತಾನೂ ಹಾಕಿ" ಅಂದರು. ಅದನ್ನು ಪೋಷಕರ ಪತ್ರದಲ್ಲಿ ಅಲ್ಲ, ಬಸ್ಸಲ್ಲಿ ಮೈಕ್ ಹಿಡಿದು ಹೇಳಬೇಕು ಸರ್ ಅಂದೆ. ಎರಡೂ ಕಡೆ ಇರಲಿ ಅಂತ ತೀರ್ಮಾನ ಆಯಿತು.